ಮಗು ಸಣ್ಣದಿದ್ದರೆ ಹೆರಿಗೆ ಸಲೀಸು ಅಲ್ವಾ ಅಕ್ಕ?

ಸಿದ್ದಾಪುರ, ವಿರಾಜಪೇಟೆ ಕಡೆಯ ಕಾಫಿ ತೋಟಗಳಿಂದ ತಪಾಸಣೆಗೆ ಬರುವ ಬಸುರಿಯರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಇನ್ನು ಕೆಲವರು ಮನಸ್ಸಿನಲ್ಲೇ ಇಟ್ಟುಕೊಂಡು, ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಮನೆಗೆ ಹೋಗಿ ಮತ್ತೆ ಹೊಗೆಸೊಪ್ಪು ಹಾಕಿ ಎಲೆ ಮಡಚುತ್ತಾರೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಮುಂದೆ ಹೇಳುವ ಪ್ರಕರಣದಲ್ಲಿ, ಹೊಗೆಸೊಪ್ಪಿನಿಂದ ಮಗು ಗಿಡ್ಡ ಆಗುತ್ತದೆಯೇ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ನನ್ನ ಜೊತೆ ಕೆಲಸ ಮಾಡುವ ಕೆಲವರು ಒಪ್ಪಲಿಲ್ಲ.

ಆಕೆಯನ್ನು ಗೌರಿ ಎನ್ನೋಣ. ಹೆಸರು, ಊರು, ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತೋಟದ ಲೈನ್ ಮನೆಯಲ್ಲಿ ಗಂಡ, ಅತ್ತೆ, 5 ವರ್ಷದ ಮಗಳ ಜೊತೆ ವಾಸ. ಎರಡನೇ ಬಸಿರು, ಮೂರು ತಿಂಗಳು ಮುಗಿದಿತ್ತು. ರಕ್ತ ಕಮ್ಮಿ. ಮೊದಲ ಮಗಳು ದಿನ ತುಂಬಿ ಹುಟ್ಟಿದರೂ ತೂಕ 2.1 ಕೆ.ಜಿ. ಇತ್ತು. ತಾಯಿ ಕಾರ್ಡ್ ನೋಡಿ ಆಶಾ ಕಾರ್ಯಕರ್ತೆ ಆಕೆಯನ್ನು ನನ್ನ ಬಳಿ ಕರೆತಂದಿದ್ದರು.

ತಂಬಾಕು ಅಭ್ಯಾಸ ಇದೆಯೇ ಎಂಬ ಜಾಗದಲ್ಲಿ 'ಇಲ್ಲ' ಎಂದು ಬರೆದಿತ್ತು. ಗೌರಿ ಸುಳ್ಳು ಹೇಳಿರಲಿಲ್ಲ. ಬೀಡಿ, ಸಿಗರೇಟು ಇದೆಯಾ ಎಂದು ಕೇಳಿದ್ದರು, ಇಲ್ಲ ಅಂದಿದ್ದಳು. "ಎಲೆಗೆ ಏನೇನು ಹಾಕ್ತೀಯಮ್ಮ?" ಎಂದು ನಾನು ಕೇಳಿದೆ. "ಅಡಿಕೆ, ಸುಣ್ಣ, ಒಂಚೂರು ಕಡ್ಡಿಪುಡಿ" ಅಂದಳು. ಕಡ್ಡಿಪುಡಿ ಅಂದರೆ ಹೊಗೆಸೊಪ್ಪಿನ ಪುಡಿಯೇ. ಬೆಳಿಗ್ಗೆ ಎದ್ದ ಕೂಡಲೇ ಒಂದು, ಕೆಲಸಕ್ಕೆ ಹೊರಡುವಾಗ ಒಂದು, ಟೀ ಹೊತ್ತಿಗೆ, ಊಟ ಆದ ಮೇಲೆ, ರಾತ್ರಿ ಕೆನ್ನೆಯಲ್ಲಿ ಇಟ್ಟುಕೊಂಡೇ ನಿದ್ದೆ. ಮಳೆಗಾಲದಲ್ಲಿ ಇಂಬಳ ಹತ್ತದಿರಲಿ ಎಂದು ಕಾಲಿಗೂ ಹೊಗೆಸೊಪ್ಪಿನ ನೀರು. ಅದೂ ಲೆಕ್ಕಕ್ಕೆ ಬರುತ್ತೆ. ಒದ್ದೆ ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೆಳೆಯುತ್ತಾರಲ್ಲ, ಹಸಿ ಎಲೆ ಕೊಯ್ಯುವವರಿಗೆ ತಲೆ ಸುತ್ತು, ವಾಂತಿ ಆಗುವುದು ಇದರಿಂದಲೇ.

ಬಸುರಿಯಾದ ಮೇಲೆ ಜಾಸ್ತಿ ಬೇಕನಿಸುತ್ತದೆ ಎಂದೂ ಹೇಳಿದಳು. ಅದು ಆಕೆಯ ಚಪಲ ಅಲ್ಲ. ಬಸಿರಿನಲ್ಲಿ ದೇಹ ನಿಕೋಟಿನ್ನನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಹಾಗಾಗಿ ಹಿಂದಿನ ಎಲೆಯ ಕಿಕ್ ಬೇಗ ಇಳಿದು ಮುಂದಿನದಕ್ಕೆ ಬಾಯಿ ಬೇಗ ಚಡಪಡಿಸುತ್ತದೆ. ಇದನ್ನು ಹೇಳಿದಾಗ ಆಕೆಯ ಮುಖ ಸ್ವಲ್ಪ ಸಡಿಲವಾಯಿತು.

ಹೊಗೆಸೊಪ್ಪಿನಿಂದ ಮಗುವಿನ ತೂಕ ಕಡಿಮೆಯಾಗುತ್ತದೆ ಎಂದೆ. ಆಗ ಬಂತು ಆ ಮಾತು: "ಮಗು ಸಣ್ಣದಿದ್ರೆ ಸಲೀಸಾಗಿ ಹೆರಬಹುದಲ್ವಾ ಅಕ್ಕ?"

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೌರಿ ಲೆಕ್ಕ ಹಾಕಿಯೇ ಮಾತಾಡಿದ್ದಳು. ಮೊದಲ ಹೆರಿಗೆಯಲ್ಲಿ ಒಂದು ರಾತ್ರಿ, ಒಂದು ಹಗಲು ನೋವು ತಿಂದಿದ್ದಳು. ಈ ಸಲ ಮಗು ದೊಡ್ಡದಾದರೆ ಹೊಟ್ಟೆ ಕುಯ್ಯುತ್ತಾರೆ, ಆಮೇಲೆ ಎಷ್ಟೋ ದಿನ ಬಗ್ಗಿ ಕೆಲಸ ಮಾಡುವಂತಿಲ್ಲ, ಕಾಫಿ ಕುಯ್ಲಿನ ಕೂಲಿ ಹೋಗುತ್ತದೆ. ಇದು ಆಕೆಯ ಚಿಂತೆ. ಮಗುವಿನ ತೂಕ ಕಡಿಮೆಯಾಗುತ್ತೆ ಎಂದು ನಾನು ಹೆದರಿಸಲು ಹೊರಟರೆ, ಆಕೆಗೆ ಬೇಕಿದ್ದದ್ದೂ ಅದೇ!

ಹಾಗಾಗಿ ತಿರುಗಿ ಒಂದೇ ಪ್ರಶ್ನೆ ಕೇಳಿದೆ. "ಮೊದಲನೇ ಮಗಳು ಎರಡು ಕಾಲು ಕೆ.ಜಿ.ನೂ ಇರಲಿಲ್ಲ. ಸಲೀಸಾಯ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕುಬಿಟ್ಟಳು. "ಇಲ್ಲ ಅಕ್ಕ, ಜೀವ ಹೋಗಿ ಬಂತು."

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಹೆರಿಗೆ ಕಷ್ಟವೋ ಸುಲಭವೋ ಎನ್ನುವುದು ಸೊಂಟದ ಮೂಳೆಯ ಅಳತೆ, ಮಗುವಿನ ತಲೆ ಯಾವ ಕಡೆ ತಿರುಗಿದೆ, ನೋವು ಹೇಗೆ ಬರುತ್ತಿದೆ ಎಂಬುದರ ಮೇಲೆ ನಿಂತಿದೆ. ಹೊಟ್ಟೆಯೊಳಗೆ ಊಟ ಸಾಲದೆ ಹೋದಾಗ ಮಗುವಿನ ದೇಹ ಮೊದಲು ಉಳಿಸಿಕೊಳ್ಳುವುದು ಮೆದುಳನ್ನು. ಕೈಕಾಲು, ಹೊಟ್ಟೆಯ ಕೊಬ್ಬು ಸೊರಗುವಷ್ಟು ತಲೆ ಸೊರಗುವುದಿಲ್ಲ. ಹೊರಬರುವಾಗ ಸಿಕ್ಕಿಕೊಳ್ಳುವುದೋ ತಲೆಯೇ. ಅಂದರೆ ತಾಯಿಗೆ ಲಾಭ ಇಲ್ಲ, ಮಗುವಿಗೆ ನಷ್ಟ ಮಾತ್ರ.

ನಿಕೋಟಿನ್ ಮಾಡುವುದು ಇಷ್ಟು: ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳಗಳನ್ನು ಬಿಗಿ ಮಾಡುತ್ತದೆ. ಹೂಮಳೆ ಬಾರದಿದ್ದಾಗ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಆ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ ಎಂದೆ. ನೀರು ನಿಲ್ಲುವುದಿಲ್ಲ, ಕಮ್ಮಿಯಾಗುತ್ತದೆ. ದಿನಕ್ಕೆ ಏಳೆಂಟು ಸಲ. ಜೊತೆಗೆ ನಿಕೋಟಿನ್ ಮಾಸು ದಾಟಿ ಮಗುವಿನ ರಕ್ತಕ್ಕೂ ಹೋಗುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ನೋವು ಬಂದು ಗರ್ಭಕೋಶ ಬಿಗಿಯಾದಾಗಲೆಲ್ಲ ಮಗುವಿಗೆ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಚೆನ್ನಾಗಿ ಬೆಳೆದ ಮಗು ಅದನ್ನು ತಡೆದುಕೊಳ್ಳುತ್ತದೆ. ಸೊರಗಿದ ಮಗುವಿನ ಎದೆಬಡಿತ ಇಳಿಯಬಹುದು. ಆಗ ಡಾಕ್ಟರು ಕಾಯುವುದಿಲ್ಲ, ಆಪರೇಷನ್ನೇ. ಯಾವುದಕ್ಕೆ ಹೆದರಿ ಆಕೆ ಸಣ್ಣ ಮಗು ಬೇಕೆಂದಿದ್ದಳೋ ಅದೇ ಹತ್ತಿರ ಬರುತ್ತದೆ.

ಎಷ್ಟು ತೂಕ ಹೋಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಲೆಕ್ಕವಿದೆ. 2004ರಲ್ಲಿ ಪ್ರಕಟವಾದ ಮುಂಬೈ ಅಧ್ಯಯನದಲ್ಲಿ, ಹೊಗೆ ಸೇದದೆ ಬಾಯಲ್ಲಿ ತಂಬಾಕು ಇಟ್ಟುಕೊಳ್ಳುತ್ತಿದ್ದ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು, ಹೆರಿಗೆಯೂ ಸುಮಾರು 6 ದಿನ ಮೊದಲೇ ಆಗಿತ್ತು. ಸಿಗರೇಟು ಸೇದುವವರಲ್ಲಿ ಇಳಿತ ಸಾಮಾನ್ಯವಾಗಿ 200 ಗ್ರಾಂ ಆಸುಪಾಸು. ನೂರು ಗ್ರಾಂ ಅಂದರೆ ಏನು ಮಹಾ ಅನಿಸಬಹುದು. ಮೂರು ಕೆ.ಜಿ.ಯ ಮಗುವಿಗೆ ಏನೂ ಅಲ್ಲ. ರಕ್ತ ಕಮ್ಮಿ ಇರುವ, ಕುಳ್ಳಗಿನ, ಕೊನೆಯವರೆಗೂ ತೋಟದ ಕೆಲಸ ಮಾಡುವ ತಾಯಿಯ ಮಗು ಮೊದಲೇ ಕಡಿಮೆ ತೂಕ ಎನ್ನುವ 2.5 ಕೆ.ಜಿ. ಗೆರೆಯ ಹತ್ತಿರ ಇರುತ್ತದೆ. ಅದನ್ನು ಗೆರೆಯಿಂದ ಕೆಳಗೆ ತಳ್ಳಲು ನೂರು ಗ್ರಾಂ ಸಾಕು.

ಹೊರಗೆ ಕೂತಿದ್ದ ಗಂಡ ಇಷ್ಟು ಹೊತ್ತಿಗೆ ಒಳಗೆ ಬಂದ. "ಮಗಳು ಗಿಡ್ಡ ಇದ್ದಾಳೆ ಅಂತ ಅಂಗನವಾಡಿ ಟೀಚರ್ ಹೇಳಿದ್ರು ಮೇಡಂ. ಇವಳ ಕಡ್ಡಿಪುಡಿಯಿಂದಲೇ ಅಲ್ವಾ? ನೀವೇ ಬುದ್ಧಿ ಹೇಳಿ."

ನಾನು "ಹೌದು" ಅನ್ನಬೇಕಿತ್ತು ಎನ್ನುವುದು ನನ್ನ ಸಹೋದ್ಯೋಗಿಗಳ ವಾದ. ಒಂದು ಮಾತಿಗೆ ಆಕೆ ಬಿಟ್ಟುಬಿಡುತ್ತಿದ್ದಳಂತೆ. ನಾನು ಹೌದು ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಮಗಳು ಜೊತೆಗೇ ಬಂದಿದ್ದಳು. ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆದೆವು. 101 ಸೆಂ.ಮೀ. ಐದು ತುಂಬಿದ ಹುಡುಗಿಯ ನಡುಮಟ್ಟ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 109.4. ಕುಂಠಿತ ಎನ್ನುವ ಗೆರೆ 99.9. ಅಂದರೆ ಗೆರೆಯ ಮೇಲಿದ್ದಾಳೆ, ಆದರೆ ಸ್ವಲ್ಪವೇ. ಗೌರಿಯ ಎತ್ತರ 148, ಗಂಡನದು 160. ಇಬ್ಬರದನ್ನೂ ಕೂಡಿಸಿ, ಹುಡುಗಿಯಾದ್ದರಿಂದ 13 ಕಳೆದು, ಎರಡರಿಂದ ಭಾಗಿಸಿದರೆ 147.5. ದೊಡ್ಡವಳಾದ ಮೇಲೆ ಆ ಹುಡುಗಿ ಅಂದಾಜು ಅದರ ಆಸುಪಾಸಿಗೆ ಬರಬೇಕು. ಅಪ್ಪ ಅಮ್ಮನಿಂದ ಬಂದ ಎತ್ತರವೇ ಇಷ್ಟು. ಅದರ ಮೇಲೆ ಹುಟ್ಟಿನ ತೂಕ, ಊಟ, ಪದೇ ಪದೇ ಬರುವ ಭೇದಿ.

ತಂಬಾಕಿನ ಪಾಲೆಷ್ಟು? ಬ್ರಿಟನ್ನಿನಲ್ಲಿ 1958ರಲ್ಲಿ ಒಂದೇ ವಾರ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ಬಸಿರಿನಲ್ಲಿ ಹೆಚ್ಚು ಸಿಗರೇಟು ಸೇದಿದವರ ಮಕ್ಕಳು 7, 11ನೇ ವಯಸ್ಸಿನಲ್ಲಿ ಉಳಿದವರಿಗಿಂತ ಸುಮಾರು 1 ಸೆಂ.ಮೀ. ಕುಳ್ಳಗಿದ್ದರು. ಬಡತನ, ತಾಯಿಯ ಎತ್ತರದ ಪಾಲು ಕಳೆದ ಮೇಲಿನ ಲೆಕ್ಕ ಇದು. ಸಿಗರೇಟಿನ ಲೆಕ್ಕವನ್ನು ಹಾಗೇ ಎಲೆ ಹಾಕುವವರಿಗೆ ಅಂಟಿಸಲಾಗದು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೂ ಇರುತ್ತದೆ, ಕಡ್ಡಿಪುಡಿಯಲ್ಲಿ ಅದಿಲ್ಲ. ಸಣ್ಣಗೆ ಹುಟ್ಟಿದ ಹೆಚ್ಚಿನ ಮಕ್ಕಳು ಮೊದಲ ಎರಡು ವರ್ಷದಲ್ಲಿ ಬಹುಪಾಲು ಸರಿದೂಗಿಸಿಕೊಳ್ಳುತ್ತಾರೆ. ತೂಕ ಬೇಗ ಬರುತ್ತದೆ, ಉದ್ದ ಪೂರ್ತಿ ಬರುವುದಿಲ್ಲ.

ಒಂದು ಸೆಂಟಿಮೀಟರ್. ಜುಟ್ಟು ಬಿಚ್ಚದೆ ಅಳೆದರೆ ಅದಕ್ಕಿಂತ ದೊಡ್ಡ ತಪ್ಪಾಗುತ್ತದೆ. ನಾನು "ಕಡ್ಡಿಪುಡಿ ಹಾಕಿದ್ರೆ ಮಗು ಗಿಡ್ಡ ಆಗುತ್ತೆ" ಅಂದರೆ, ಪಕ್ಕದ ಲೈನಿನಲ್ಲಿ ಹೊಗೆಸೊಪ್ಪು ಹಾಕುವವಳ ಆರಡಿ ಮಗ ಎದುರಿಗೆ ಬರುತ್ತಾನೆ. ಅಲ್ಲಿಗೆ ನಾನು ಹೇಳಿದ ಉಳಿದ ನಿಜಗಳೂ ಬಿದ್ದುಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಗಳನ್ನು ನೋಡಿದಾಗಲೆಲ್ಲ ಆ ಮನೆಯಲ್ಲಿ ಗೌರಿಗೆ ಬೈಗುಳ ಖಾಯಂ ಆಗುತ್ತದೆ. ಗಂಡನಿಗೆ ಇದನ್ನೇ ಹೇಳಿದೆ. "ಇದರಲ್ಲಿ ನಿಮ್ಮ ಎತ್ತರದ ಪಾಲೂ ಇದೆ. ಲೈನ್ ಮನೆಯ ಒಳಗೆ ನೀವು ಸೇದೋ ಬೀಡಿ ಹೊಗೆಯೂ ಹೊಟ್ಟೆಯಲ್ಲಿರೋ ಮಗುವಿನ ತೂಕ ತಗ್ಗಿಸುತ್ತೆ. ಬೀಡಿ ಇನ್ಮೇಲೆ ಮನೆ ಹೊರಗೆ." ಅವನಿಗೆ ಇಷ್ಟವಾಗಲಿಲ್ಲ. ಆಗಬೇಕೆಂದೂ ಇರಲಿಲ್ಲ.

ಗೌರಿಗೆ ಅದೇ ಬ್ರಿಟನ್ ಮಕ್ಕಳ ಇನ್ನೊಂದು ವಿಷಯ ಹೇಳಿದೆ. ನಾಲ್ಕು ತಿಂಗಳು ತುಂಬುವುದರೊಳಗೆ ಬಿಟ್ಟವರ ಮಕ್ಕಳ ತೂಕ, ಸೇದದವರ ಮಕ್ಕಳಷ್ಟೇ ಇತ್ತು. ಆಕೆಗೆ ಒಂದು ತಿಂಗಳು ಕೈಯಲ್ಲಿತ್ತು. ತಡವಾದರೂ ಬಿಡುವುದು ದಂಡವಲ್ಲ. ಮಗು ತೂಕ ಹಾಕಿಕೊಳ್ಳುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲೇ.

ಸಲಹೆ ಸರಳವಾಗಿತ್ತು. ಸಂತೆಯ ಮರುದಿನ ಬಿಡುವ ದಿನ ಎಂದು ಅವಳೇ ಗೊತ್ತು ಮಾಡಿದಳು. ಸಂಚಿಯಿಂದ ಕಡ್ಡಿಪುಡಿ ಡಬ್ಬಿ ಹೊರಗೆ. ಅಡಿಕೆಯೂ ಹುಟ್ಟುತೂಕಕ್ಕೆ ಒಳ್ಳೆಯದಲ್ಲ, ಹಾಗಾಗಿ ಬಾಯಿಗೆ ಏಲಕ್ಕಿ, ಲವಂಗ, ಇಲ್ಲವೇ ಹುರಿದ ಸೋಂಪು. ಬೆಳಗಿನ ವಾಕರಿಕೆಗೆ ಹಾಸಿಗೆಯಿಂದ ಏಳುವ ಮೊದಲೇ ಒಣ ರಸ್ಕು. ಹತ್ತು ಗಂಟೆಗೆ ಹಸಿವು ಅಡಗಿಸಲು ಎಲೆ ಹಾಕುತ್ತಿದ್ದಳಲ್ಲ, ಅದರ ಬದಲು ಡಬ್ಬಿಯಲ್ಲಿ ನಿಜವಾದ ತಿಂಡಿ. ಇಂಬಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಮೊದಲ ಮೂರು ದಿನ ತಲೆನೋವು, ಸಿಡುಕು ಇರುತ್ತೆ, ಎರಡು ಮೂರು ವಾರದಲ್ಲಿ ಇಳಿಯುತ್ತೆ. ಬಾಯಿ ಕೇಳುವುದು ಒಂದು ಸಲಕ್ಕೆ ಕೆಲವು ನಿಮಿಷ ಮಾತ್ರ, ಅಷ್ಟು ಹೊತ್ತು ತಳ್ಳಿದರೆ ಸಾಕು ಎಂದೆ. ನಿಕೋಟಿನ್ ಚೂಯಿಂಗ್ ಗಮ್ ಡಾಕ್ಟರನ್ನು ಕೇಳದೆ ಬೇಡ. ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800112356 ಅನ್ನು ತಾಯಿ ಕಾರ್ಡ್ ಹಿಂದೆ ಬರೆದುಕೊಟ್ಟೆ.

ಆಕೆ ಪೂರ್ತಿ ಬಿಟ್ಟಳು ಅನ್ನಲಾರೆ. ರಾತ್ರಿಯದ್ದು ಮೊದಲು ಹೋಯಿತು, ಬೆಳಗಿನದ್ದು ಕೊನೆಗೆ. ಕುಯ್ಲು ಶುರುವಾದಾಗ ಜೊತೆಯವರು ಕೊಟ್ಟರೆಂದು ಮತ್ತೆ ಒಂದೆರಡು ದಿನ ಹಾಕಿದಳು, ಅವಳೇ ಬಂದು ಹೇಳಿದಳು, ಮತ್ತೆ ನಿಲ್ಲಿಸಿದಳು. ಮಗ ಹುಟ್ಟಿದ. ತೂಕ 2.6 ಕೆ.ಜಿ., ಉದ್ದ 48 ಸೆಂ.ಮೀ. ಅಕ್ಕನಿಗಿಂತ ಅರ್ಧ ಕೆ.ಜಿ. ಜಾಸ್ತಿ. ಅಷ್ಟೂ ಕಡ್ಡಿಪುಡಿ ಬಿಟ್ಟಿದ್ದರಿಂದ ಬಂತು ಎಂದು ಹೇಳುವಂತಿಲ್ಲ. ಕಬ್ಬಿಣದ ಮಾತ್ರೆ ತಪ್ಪಿಸಿರಲಿಲ್ಲ, ಎರಡನೇ ಮಗು ಸಾಮಾನ್ಯವಾಗಿ ಸ್ವಲ್ಪ ತೂಕ ಜಾಸ್ತಿಯೇ ಇರುತ್ತದೆ.

ಮಗು ನೋಡಲು ವಾರ್ಡಿಗೆ ಹೋದಾಗ ಅತ್ತೆ ಕೇಳಿದರು, "ಬಾಣಂತಿಗೆ ಎಲೆ ಅಡಿಕೆ ಕೊಡ್ಲೇಬೇಕಲ್ವಾ?" ಬಸಿರಿನಲ್ಲಿ ಬಿಟ್ಟವರು ಮತ್ತೆ ಶುರುಮಾಡುವುದು ಹೆಚ್ಚಾಗಿ ಇಲ್ಲೇ. "ಬರೀ ಎಲೆ ಕೊಡಿ ಅಮ್ಮ. ಕಡ್ಡಿಪುಡಿ ಹಾಕಿದ್ರೆ ಅದರ ಅಂಶ ಹಾಲಿಗೂ ಇಳಿಯುತ್ತೆ" ಎಂದೆ. "ಹಾಗಾದ್ರೆ ನನ್ನ ಸಂಚಿ ಎಲ್ಲಿಡ್ಲಿ? ಕಂಡ್ರೆ ಅವಳಿಗೂ ಬೇಕನಿಸುತ್ತೆ" ಎಂದರು. ಪಕ್ಕದ ಮನೆಯಲ್ಲಿಡಿ, ಬೇಕಾದಾಗ ಅಲ್ಲಿಗೇ ಹೋಗಿ ಹಾಕಿಕೊಂಡು ಬನ್ನಿ ಎಂದು ಒಪ್ಪಂದವಾಯಿತು.