ಫಂಡ್ ಲಾಭ ತೋರಿಸುತ್ತಿದೆ, ನನಗೆ ನಷ್ಟವಾಗಿದೆ. ಯಾವ ಲೆಕ್ಕ ಸರಿ?

ಪ್ರಶ್ನೆ: 2022ರ ಜನವರಿ 1ರಂದು ಒಂದು ಫಂಡಿಗೆ ಒಂದು ಲಕ್ಷ ಹಾಕಿದೆ. ವರ್ಷದಲ್ಲಿ ಅದು ಒಂದೂವರೆ ಲಕ್ಷವಾಯಿತು. ಹುರುಪಿನಲ್ಲಿ 2023ರ ಜನವರಿ 1ರಂದು ಇನ್ನೂ ಐದು ಲಕ್ಷ ಸೇರಿಸಿದೆ. 2024ರ ಜನವರಿ 1ಕ್ಕೆ ಉಳಿದಿರುವುದು 5,20,000. ಆದರೆ ಫಂಡಿನ ವರದಿಯಲ್ಲಿ ‘ವರ್ಷಕ್ಕೆ 9.54% ಲಾಭ’ ಎಂದಿದೆ. ಇದು ಮೋಸವಲ್ಲವೇ?

ಉತ್ತರ: ಮೋಸವಲ್ಲ. ವರದಿಯ ಅಂಕಿಯೂ ಸರಿ, ನಿಮ್ಮ ಹೊಟ್ಟೆಯುರಿಯೂ ಸರಿ. ನೀವು ಕೇಳುತ್ತಿರುವುದು ‘ನನ್ನ ಹಣ ಏನಾಯಿತು’ ಎಂದು. ವರದಿ ಹೇಳುತ್ತಿರುವುದು ‘ಮೊದಲ ದಿನ ಹಾಕಿದ ಒಂದು ರೂಪಾಯಿ ಏನಾಯಿತು’ ಎಂದು. ಹಣ ಬೇರೆ ಬೇರೆ ದಿನ ಸೇರಿದಾಗ ಈ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಬರುವುದು ಅಪರೂಪ.

ನಿಮ್ಮ ಹೂಡಿಕೆಯನ್ನು ಯೂನಿಟ್‌ಗಳಾಗಿ ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಮೊದಲ ದಿನ ಒಂದು ಯೂನಿಟ್‌ಗೆ 100 ಇತ್ತು ಎಂದಿಟ್ಟುಕೊಳ್ಳಿ. ಒಂದು ಲಕ್ಷಕ್ಕೆ ನಿಮಗೆ 1,000 ಯೂನಿಟ್ ಸಿಕ್ಕಿತು. ವರ್ಷ ಮುಗಿಯುವಾಗ ಯೂನಿಟ್ ಬೆಲೆ 150. ಆ ಬೆಲೆಗೆ ಐದು ಲಕ್ಷ ಹಾಕಿದಿರಿ, 3,333.33 ಯೂನಿಟ್ ಬಂದಿತು. ಎರಡನೇ ವರ್ಷ ಫಂಡ್ 20% ಕುಸಿದು ಯೂನಿಟ್ ಬೆಲೆ 120ಕ್ಕೆ ಇಳಿಯಿತು. ನಿಮ್ಮಲ್ಲಿರುವ ಒಟ್ಟು 4,333.33 ಯೂನಿಟ್‌ಗಳನ್ನು 120ರಿಂದ ಗುಣಿಸಿದರೆ ನಿಮ್ಮ 5,20,000 ಸಿಗುತ್ತದೆ.

ಈಗ ಯೂನಿಟ್ ಬೆಲೆಯನ್ನಷ್ಟೇ ನೋಡಿ: ಎರಡು ವರ್ಷದಲ್ಲಿ 100 ಹೋಗಿ 120 ಆಗಿದೆ. ಒಟ್ಟು 20%, ವರ್ಷಕ್ಕೆ 9.54%. ಇದೇ ಟೈಮ್ ವೆಯ್ಟೆಡ್ ರಿಟರ್ನ್, ಸಮಯಾಧಾರಿತ ಪ್ರತಿಫಲ. ಯಾರು ಎಷ್ಟು ಯೂನಿಟ್ ಕೊಂಡರು ಎನ್ನುವುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಹಣ ಬಂದಾಗಲೆಲ್ಲ ಅವಧಿಯನ್ನು ಅಲ್ಲಿಗೆ ಕತ್ತರಿಸಿ, ಪ್ರತಿ ತುಂಡಿನ ಪ್ರತಿಫಲವನ್ನು ಬೇರೆಯಾಗಿ ಕಂಡು, ಕೊನೆಗೆ ಗುಣಿಸುತ್ತಾರೆ: 1.5 × 0.8 = 1.2. ಫಂಡ್ ನಡೆಸುವವರು ಈ ಅಂಕಿ ಕೊಡುವುದಕ್ಕೆ ನ್ಯಾಯವಾದ ಕಾರಣವಿದೆ. ನೀವು ಐದು ಲಕ್ಷವನ್ನು ಯಾವ ದಿನ ತರುತ್ತೀರಿ ಎನ್ನುವುದು ಅವರ ಕೈಯಲ್ಲಿಲ್ಲ. ಅದರ ಹೊಣೆಯನ್ನು ಅವರ ತಲೆಗೆ ಕಟ್ಟಲಾಗದು.

ನಿಮ್ಮ ಹಣದ ಕಥೆ ಬೇರೆ. 50% ಏರಿಕೆಯ ವರ್ಷದಲ್ಲಿ ಒಳಗಿದ್ದದ್ದು ಒಂದು ಲಕ್ಷ. 20% ಇಳಿಕೆಯ ವರ್ಷದಲ್ಲಿ ಒಳಗಿದ್ದದ್ದು ಆರೂವರೆ ಲಕ್ಷ. ಗಳಿಸಿದ್ದು 50,000, ಕಳೆದುಕೊಂಡದ್ದು 1,30,000. ಇದನ್ನು ಅಳೆಯುವುದು ಮನಿ ವೆಯ್ಟೆಡ್ ರಿಟರ್ನ್, ಅಂದರೆ ಹಣಾಧಾರಿತ ಪ್ರತಿಫಲ. ಒಂದು ಲಕ್ಷ ಎರಡು ವರ್ಷ, ಐದು ಲಕ್ಷ ಒಂದು ವರ್ಷ, ಎರಡೂ ಒಂದೇ ವಾರ್ಷಿಕ ದರದಲ್ಲಿ ಸಾಗಿ ಕೊನೆಗೆ 5,20,000ಕ್ಕೆ ನಿಲ್ಲಬೇಕಾದರೆ ಆ ದರ ಎಷ್ಟಿರಬೇಕು ಎಂದು ಹುಡುಕುವುದೇ ಈ ಲೆಕ್ಕ. ಕೈಯಲ್ಲಿ ತಿಣುಕಬೇಕಾಗಿಲ್ಲ, ಸ್ಪ್ರೆಡ್‌ಶೀಟ್ ಮಾಡುತ್ತದೆ:

```
A2: 2022-01-01    B2: -100000
A3: 2023-01-01    B3: -500000
A4: 2024-01-01    B4: 520000

=XIRR(B2:B4, A2:A4, -0.1)
```

ಉತ್ತರ −11.62%. ತಾಳೆ ನೋಡಬೇಕೆಂದರೆ, ಒಂದು ಲಕ್ಷವನ್ನು 0.8838ರಿಂದ ಎರಡು ಸಲ ಗುಣಿಸಿದರೆ ಸುಮಾರು 78,100. ಐದು ಲಕ್ಷವನ್ನು ಒಂದು ಸಲ ಗುಣಿಸಿದರೆ 4,41,900. ಕೂಡಿದರೆ ನಿಮ್ಮ 5,20,000.

ಇಲ್ಲಿ ಕೈ ತಪ್ಪುವ ಜಾಗಗಳಿವೆ. ನಿಮ್ಮ ಜೇಬಿನಿಂದ ಹೋದ ಹಣಕ್ಕೆ ಋಣ ಚಿಹ್ನೆ ಹಾಕಬೇಕು, ಇಂದಿನ ಮೌಲ್ಯಕ್ಕೆ ಧನ. ಸೂತ್ರದ ಕೊನೆಯಲ್ಲಿರುವ -0.1 ಒಂದು ಆರಂಭಿಕ ಊಹೆ. ಅದನ್ನು ಬಿಟ್ಟರೆ ಎಕ್ಸೆಲ್ 10% ಲಾಭದಿಂದ ಹುಡುಕಾಟ ಆರಂಭಿಸುತ್ತದೆ. ನಷ್ಟದ ಲೆಕ್ಕಗಳಲ್ಲಿ ಕೆಲವೊಮ್ಮೆ ದಾರಿ ತಪ್ಪಿ 2.98E-09 ಎಂಬ ವಿಚಿತ್ರ ಅಂಕಿ ಕೊಡುತ್ತದೆ. ಶೇಕಡಾ ರೂಪದಲ್ಲಿ ಅದು 0.00% ಎಂದು ಕಾಣಿಸುವುದರಿಂದ, ‘ಲಾಭವೂ ಇಲ್ಲ ನಷ್ಟವೂ ಇಲ್ಲ’ ಎಂದುಕೊಂಡು ಸುಮ್ಮನಾಗುವವರಿದ್ದಾರೆ. ನಾನೂ ಒಮ್ಮೆ ಹಾಗೆ ಒಂದು ತಿಂಗಳು ನೆಮ್ಮದಿಯಾಗಿದ್ದೆ. ಫಂಡಿನೊಳಗೇ ಮರುಹೂಡಿಕೆಯಾದ ಡಿವಿಡೆಂಡ್ ಅನ್ನು ಈ ಪಟ್ಟಿಯಲ್ಲಿ ಸೇರಿಸಬೇಡಿ. ಬ್ಯಾಂಕ್ ಖಾತೆಗೆ ಬಂದದ್ದನ್ನು ಮಾತ್ರ ಆ ದಿನಾಂಕಕ್ಕೆ ಧನ ಚಿಹ್ನೆಯೊಂದಿಗೆ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಈ ಸೂತ್ರ ಎಷ್ಟೇ ಚಿಕ್ಕ ಅವಧಿಯಿದ್ದರೂ ಅದನ್ನು ವರ್ಷಕ್ಕೆ ಹಿಗ್ಗಿಸುತ್ತದೆ. ಹತ್ತು ದಿನದಲ್ಲಿ 2% ಬಂದಿದ್ದರೆ ಸುಮಾರು 106% ಎಂದು ತೋರಿಸುತ್ತದೆ. ವರ್ಷ ತುಂಬದ ಹೂಡಿಕೆಗೆ ನಾನು ಇದನ್ನು ಬಳಸುವುದೇ ಇಲ್ಲ.

ಹಾಗಾದರೆ −11.62% ನಿಮ್ಮ ದಡ್ಡತನದ ಅಂಕಿಯೇ? ಭಾಗಶಃ ಮಾತ್ರ. ಅದೇ ಎರಡು ವರ್ಷಗಳನ್ನು ತಿರುವು ಹಾಕಿ ನೋಡಿ: ಮೊದಲು 20% ಇಳಿಕೆ, ಆಮೇಲೆ 50% ಏರಿಕೆ. ಒಂದು ಲಕ್ಷ 80,000ಕ್ಕೆ ಇಳಿಯುತ್ತದೆ, ನೀವು ಐದು ಲಕ್ಷ ಸೇರಿಸುತ್ತೀರಿ, 5,80,000 ಬೆಳೆದು 8,70,000 ಆಗುತ್ತದೆ. ಫಂಡಿನ ಅಂಕಿ ಆಗಲೂ ಅದೇ 9.54%, ನಿಮ್ಮದು ಮಾತ್ರ 36.65%. ನೀವು ಮಾಡಿದ ಕೆಲಸ ಎರಡೂ ಸಲ ಒಂದೇ, ಹಾಕಿದ ಮೊತ್ತ, ದಿನಾಂಕ ಎಲ್ಲವೂ ಒಂದೇ. ಏರಿಕೆ ಕಂಡು ಆಸೆಪಟ್ಟು ಹಣ ತಂದಿದ್ದರೆ ಅದು ನಿಮ್ಮ ನಿರ್ಧಾರ. ಹಣ ಕೈಗೆ ಬಂದದ್ದೇ ಆ ದಿನವಾಗಿದ್ದರೆ ಅದು ಕಾಲದ ಆಟ. ಇವೆರಡನ್ನು ಬೇರ್ಪಡಿಸುವುದು ಈ ಅಂಕಿಯಿಂದ ಆಗದು. ನಿಮ್ಮ ವಿಷಯದಲ್ಲಿ ‘ಹುರುಪಿನಲ್ಲಿ’ ಎಂದು ನೀವೇ ಬರೆದಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ.

ಫಂಡನ್ನು ಇಟ್ಟುಕೊಳ್ಳಬೇಕೇ ಎಂದು ತೀರ್ಮಾನಿಸುವಾಗ ನಿಮ್ಮ −11.62% ಅನ್ನು ಸೂಚ್ಯಂಕದ ಪ್ರಕಟಿತ ಅಂಕಿಯ ಪಕ್ಕದಲ್ಲಿ ಇಡಬೇಡಿ. ಪ್ರಕಟಿತ ಅಂಕಿ ಸಮಯಾಧಾರಿತ. ಎರಡರ ಅಳತೆಗೋಲು ಬೇರೆ. ಬದಲಿಗೆ ಅದೇ ದಿನಗಳಂದು ಅದೇ ಮೊತ್ತವನ್ನು ಸೂಚ್ಯಂಕಕ್ಕೇ ಹಾಕಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ. ಉದಾಹರಣೆಗೆ ಸೂಚ್ಯಂಕ ಮೊದಲ ವರ್ಷ 30% ಏರಿ, ಎರಡನೇ ವರ್ಷ 25% ಇಳಿದಿತ್ತು ಎಂದುಕೊಳ್ಳೋಣ. ಒಂದು ಲಕ್ಷ 1,30,000 ಆಗಿ, ಐದು ಲಕ್ಷ ಸೇರಿ 6,30,000 ಆಗಿ, ಕೊನೆಗೆ 4,72,500ಕ್ಕೆ ಬರುತ್ತಿತ್ತು. ಮೇಲಿನ ಸೂತ್ರದ B4ರಲ್ಲಿ ಈ ಮೊತ್ತ ಹಾಕಿದರೆ −18.71%. ಹಾಗಿದ್ದಲ್ಲಿ ನಿಮಗೆ ನಷ್ಟವಾಗಿದ್ದರೂ ಫಂಡ್ ತನ್ನ ಕೆಲಸ ಮಾಡಿದೆ ಎಂದೇ ನಾನು ಹೇಳುತ್ತೇನೆ. ನಿಮ್ಮ ಫಂಡ್ ಹೋಲಿಸಿಕೊಳ್ಳುವ ಸೂಚ್ಯಂಕದ ಆ ಮೂರು ದಿನಗಳ ಮಟ್ಟವನ್ನು ಹುಡುಕಿ, ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.