ಫೆಲೋಶಿಪ್ ಸಿವಿಯಲ್ಲಿ ಯಾವುದು ಮೊದಲು?

ಪ್ರಶ್ನೆ: ವಿದೇಶದ ಸರ್ಜರಿ ಫೆಲೋಶಿಪ್‌ಗೆ ಅರ್ಜಿ ಹಾಕ್ತಿದೀನಿ. ಸಿವಿಯಲ್ಲಿ ತರಬೇತಿ, ಪ್ರಕಟಣೆ, ಪ್ರೊಸೀಜರ್ ಯಾವ ಕ್ರಮದಲ್ಲಿ ಬರೆಯಲಿ?

ತರಬೇತಿ ಮೊದಲು, ಅದರಲ್ಲೂ ಇತ್ತೀಚಿನದು ಮೇಲೆ. ಪ್ರತಿ ಹುದ್ದೆಗೂ ತಿಂಗಳು, ವರ್ಷ ಹಾಕಿ. ನಡುವೆ ಬಿಡುವಿದ್ದರೆ ಕಾರಣವನ್ನೂ ಒಂದು ಸಾಲಲ್ಲಿ ಹೇಳಿಬಿಡಿ. ಕ್ಲಿನಿಕಲ್ ಫೆಲೋಶಿಪ್ ಆದರೆ ಆಮೇಲೆ ಪ್ರೊಸೀಜರ್, ಕೊನೆಗೆ ಪ್ರಕಟಣೆ. ಸಂಶೋಧನೆಯದ್ದಾದರೆ ಇವೆರಡನ್ನು ಅದಲುಬದಲು ಮಾಡಿ.

ಜಾಸ್ತಿ ಎಡವಟ್ಟಾಗೋದು ಪ್ರೊಸೀಜರ್ ಪಟ್ಟಿಯಲ್ಲೇ. ‘ಲ್ಯಾಪ್ರೊಸ್ಕೋಪಿಕ್ ಪಿತ್ತಕೋಶದ ಆಪರೇಷನ್: 120’ ಅಂತ ಸುಮ್ನೆ ಬರೆದರೆ ನಿಮ್ಮ ಕೈ ಎಷ್ಟು ಪಳಗಿದೆ ಅಂತ ಗೊತ್ತಾಗುವುದಿಲ್ಲ. ಸಹಾಯಕರಾಗಿ 70, ಹಿರಿಯರ ಮೇಲ್ವಿಚಾರಣೆಯಲ್ಲಿ 35, ಸ್ವತಂತ್ರವಾಗಿ 15 ಅಂತ ಬಿಡಿಸಿ ಬರೆಯಿರಿ. ಲೆಕ್ಕ ಲಾಗ್‌ಬುಕ್‌ಗೆ ತಾಳೆಯಾಗಬೇಕು. ಸಂದರ್ಶನದಲ್ಲಿ ಆ 15ನ್ನೇ ಕೆದಕಬಹುದು! ಆ ಫೆಲೋಶಿಪ್‌ಗೆ ಸಂಬಂಧವಿಲ್ಲದ ಸಣ್ಣಪುಟ್ಟವು ಬೇಡ.

ಪ್ರಕಟಣೆಗಳಲ್ಲಿ ಅಚ್ಚಾದದ್ದು, ಒಪ್ಪಿಗೆಯಾದದ್ದು, ಬರೀ ಕಳಿಸಿದ್ದು ಬೇರೆ ಬೇರೆ ಇರಲಿ.