ಜಿಪಿಎ ರದ್ದು ಮಾಡಿದರೆ ಹೊಲ ವಾಪಸ್ ಬರ್ತದೇನು?

"ನಾ ಪುಣೆಯಾಗ ಇರ್ತೀನಿ. ಮುಧೋಳ ಕಡೆ 4 ಎಕರೆ ನೋಡ್ಕೊಳ್ಳಾಕ ಕಾಕಾಗೆ ಜಿಪಿಎ, ಅಂದ್ರ ನನ್ನ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ, ಕೊಟ್ಟಿದ್ದೆ. ಅವರು 2 ಎಕರೆ ತಮ್ಮ ಮಗನ ಹೆಸರಿಗೆ ಖರೀದಿ ಹಾಕ್ಯಾರ. ಜಿಪಿಎ ರದ್ದು ಮಾಡಿದ್ರ ಹೊಲ ವಾಪಸ್ ಬರ್ತದೇನ್ರಿ?"

ಬರೂದಿಲ್ರಿ. ರದ್ದತಿ ಮುಂದಿನ ವ್ಯವಹಾರಕ್ಕಷ್ಟೇ, ಉಳಿದ 2 ಎಕರೆ ಉಳಿಸಾಕ. ಅದನ್ನ ಮೊದಲು ಮಾಡ್ರಿ: ಸಬ್‌ರಿಜಿಸ್ಟ್ರಾರ್ ಕಚೇರಿಯಾಗ ರದ್ದತಿ ಪತ್ರ ನೋಂದಾಯಿಸಿ, ಪ್ರತಿಯನ್ನ ಕಾಕಾಗೆ ಸ್ಪೀಡ್ ಪೋಸ್ಟ್‌ನಾಗ ನೋಂದಣಿ ಸೇವೆ ಹಾಕಿಸಿ ಕಳಿಸ್ರಿ. ಅವರಿಗೆ ಗೊತ್ತಾಗೋವರೆಗೂ ಅವರ ಮಟ್ಟಿಗೆ ಅಧಿಕಾರ ಮುಗಿಯೂದಿಲ್ಲ, ಹಿಂಗಾಗಿ ಸ್ವೀಕೃತಿ ಚೀಟಿ ಜೋಪಾನ.

ಹೋದ 2 ಎಕರೆಗೆ ಸಿವಿಲ್ ದಾವೆನೇ ದಾರಿ. ಖರೀದಿ ಪತ್ರದ ದೃಢೀಕೃತ ಪ್ರತಿ ತೆಗೆಸಿ, ಜಿಪಿಎ ಪಕ್ಕಕ್ಕಿಟ್ಟು ಓದ್ರಿ. ಜಿಪಿಎದಾಗ "ಮಾರುವ ಅಧಿಕಾರ" ಅಂತ ಸ್ಪಷ್ಟ ಇಲ್ಲದಿದ್ರ ಆ ಖರೀದಿ ನಿಮ್ಮನ್ನ ಕಟ್ಟಿಹಾಕೂದಿಲ್ಲ. ಇದ್ದರೂ ಕರಾರು ಕಾಯ್ದೆಯ 215ನೇ ಕಲಂ ಐತಿ: ಮಗನ ಹೆಸರಿನಾಗ ಕಾಕಾನೇ ಕೊಂಡು, ಅದನ್ನ ಮುಚ್ಚಿಟ್ಟಾರ ಅಥವಾ ನಿಮಗ ನಷ್ಟ ಆಗೇತಿ ಅಂತ ತೋರಿಸಿದ್ರ ವ್ಯವಹಾರ ತಿರಸ್ಕರಿಸಬಹುದು. ಖರೀದಿ ಪತ್ರದಾಗ "ನಗದಾಗಿ ಮುಟ್ಟಿದೆ" ಅಂತಿದ್ದು ನಿಮ್ಮ ಖಾತೆಗೆ ಒಂದ್ ರೂಪಾಯಿನೂ ಬಂದಿಲ್ಲಂದ್ರ ಬ್ಯಾಂಕ್ ಪಾಸ್‌ಬುಕ್ಕೂ ನಿಮಗೊಂದು ಸಾಕ್ಷಿ.

ಖರೀದಿ ಪತ್ರದ ರದ್ದತಿ ದಾವೆಗೆ ವಿಷಯ ಗೊತ್ತಾದ ದಿನದಿಂದ 3 ವರ್ಷ. ದಾವೆ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳ್ರಿ, ಇಲ್ಲಂದ್ರ ಮಗ ಮೂರನೇಯವರಿಗೆ ದಾಟಿಸ್ಯಾನು. ಪಹಣಿಯಾಗ ಹೆಸರು ಇನ್ನೂ ಬದಲಾಗದಿದ್ರ ತಹಶೀಲ್ದಾರರಿಗೆ ಲಿಖಿತ ತಕರಾರೂ ಇವತ್ತೇ.